ದೊಡ್ಡಪ್ಪನ ‘ನೋಡೋಣ’ ಮತ್ತು ಜಪಾನಿನವರ ‘ಸ್ವಲ್ಪ ಕಷ್ಟ’

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ನಮ್ಮ ಮನೆತನದ ಒಂದು ಸಣ್ಣ ಫೌಂಡ್ರಿ ಇದೆ. ಅದನ್ನು ಕಟ್ಟಿದವರು ನನ್ನ ದೊಡ್ಡಪ್ಪ. ಅವರು ಮೂಲತಃ ತೀರ್ಥಹಳ್ಳಿ ಕಡೆಯವರು. ಅಡಿಕೆ ಮಂಡಿಯಲ್ಲಿ ವ್ಯಾಪಾರ ಕಲಿತವರೇ ಹೊರತು ಎರಕದ ಕೆಲಸ ಕಲಿತವರಲ್ಲ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗುತ್ತಿದ್ದುದರಿಂದ ಕುಲುಮೆಯ ಕೆಲಸ ಬಲ್ಲವರಿಗೆ ನಮ್ಮ ಸೀಮೆಯಲ್ಲಿ ಕೊರತೆಯಿರಲಿಲ್ಲ, ವ್ಯಾಪಾರ ಮಾತ್ರ ತಾನು ನೋಡಿಕೊಂಡರಾಯಿತು ಎಂಬ ಧೈರ್ಯದಿಂದ ಅವರು ಈ ಉದ್ಯಮಕ್ಕೆ ಇಳಿದಿದ್ದರು. ಆ ವ್ಯಾಪಾರದಲ್ಲಿ ಪತ್ರ ಬರೆಯುವುದು, ಇಂಗ್ಲಿಷಿನಲ್ಲಿ ಮಾತಾಡುವುದು ನನ್ನ ಪಾಲಿನ ಕೆಲಸ. ಎರಡು ಹೊರದೇಶದ ಕಂಪನಿಗಳ ಜೊತೆ, ಮೊದಲು ಜರ್ಮನಿಯ ಒಂದು ಕೃಷಿಯಂತ್ರ ತಯಾರಕರ ಜೊತೆ, ಆಮೇಲೆ ಜಪಾನಿನ ಒಂದು ಪಂಪ್ ತಯಾರಕರ ಜೊತೆ, ನಾವು ನಡೆಸಿದ ಮಾತುಕತೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಇವುಗಳಲ್ಲಿ ಎರಡನೆಯದೇ ಸುಲಭವಾಗುತ್ತದೆಂದು ನಾವು ಎಣಿಸಿದ್ದೆವು, ಆದದ್ದು ಅದರ ತಿರುವುಮುರುವು.

ಜರ್ಮನಿಯವರು ಕೇಳಿದ್ದು ಏಳು ಕಿಲೋ ತೂಕದ ಒಂದು ಬೇರಿಂಗ್ ಹೌಸಿಂಗ್, ಡಕ್ಟೈಲ್ ಐರನ್ನಿನದು. ಡ್ರಾಯಿಂಗ್ ಜೊತೆಗೆ ಅವರ ಅಗತ್ಯಗಳನ್ನೆಲ್ಲ ಪಟ್ಟಿ ಮಾಡಿದ ಒಂದು ದಸ್ತಾವೇಜು ಬಂದಿತ್ತು. ಬಣ್ಣ ಬಳಿಯುವ ಮೊದಲು ಎಷ್ಟು ದಿನದವರೆಗೆ ತುಕ್ಕು ಕಾಣಬಾರದು, ಪೆಟ್ಟಿಗೆಯ ಮರಕ್ಕೆ ಹುಳು ಹತ್ತದಂತೆ ಯಾವ ಉಪಚಾರ ಆಗಿರಬೇಕು ಎಂಬುದು ಸಹಿತ ಅದರಲ್ಲಿ ಇತ್ತು. ನಮ್ಮಲ್ಲಿ ಅಂಥ ವಿಷಯಗಳನ್ನು ಯಾರೂ ಬರೆಯುವುದಿಲ್ಲ. ಎದುರಿನವನಿಗೆ ಗೊತ್ತಿರುತ್ತದೆ ಎಂದು ಬಿಡುತ್ತೇವೆ. ದೊಡ್ಡಪ್ಪ ಅದನ್ನು ತಿರುವಿಹಾಕಿ, “ಇಷ್ಟೆಲ್ಲಾ ಬರೀತಾರೆ ಅಂದ್ರೆ ನಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ವನಾ ಮಾರಾಯ?” ಎಂದರು. ಆಗ ನನಗೂ ಹಾಗೆಯೇ ಅನ್ನಿಸಿತ್ತು.

ಮೊದಲ ವಿಡಿಯೋ ಸಭೆಗೆ ನಲವತ್ತೈದು ನಿಮಿಷ ನಿಗದಿಯಾಗಿತ್ತು, ವಿಷಯಸೂಚಿಯಲ್ಲಿ ಹನ್ನೆರಡು ಅಂಶಗಳಿದ್ದವು. ಒಂಬತ್ತನೆಯದು ಮೊದಲ ಸ್ಯಾಂಪಲ್‌ಗಳ ದಿನಾಂಕ. ಅವರ ಖರೀದಿ ವ್ಯವಸ್ಥಾಪಕಿ, “ಎಂಟು ವಾರಗಳಲ್ಲಿ ಐದು ಸ್ಯಾಂಪಲ್ ಕೊಡಲು ಆಗುತ್ತದೆಯೇ, ಇಲ್ಲವೇ?” ಎಂದು ಕೇಳಿದರು. ಮರಳಿನಲ್ಲಿ ಅಚ್ಚು ತೆಗೆಯಲು ಬೇಕಾದ ಮಾದರಿಯನ್ನು, ಅಂದರೆ ಪ್ಯಾಟರ್ನನ್ನು, ಮಾಡಿಸಬೇಕಾಗಿದ್ದದ್ದು ಬೆಳಗಾವಿಯಲ್ಲಿ. ಅಲ್ಲಿಂದ ಬರುವುದಕ್ಕೇ ಆರು ವಾರ, ಆಮೇಲೆ ತಿದ್ದುಪಡಿಗೆ ಒಂದೆರಡು ವಾರ ಬೇಕೆಂಬುದು ದೊಡ್ಡಪ್ಪನಿಗೂ ನನಗೂ ಗೊತ್ತಿತ್ತು. ದೊಡ್ಡಪ್ಪ ನನ್ನ ಕಡೆ ನೋಡಿ, “ಪ್ರಯತ್ನ ಮಾಡ್ತೀವಿ, ನೋಡೋಣ ಅನ್ನು” ಎಂದರು. ನಮ್ಮ ಮಂಡಿಯಲ್ಲಿ ಯಾರಾದರೂ ಹೀಗೆಂದರೆ, ಆ ದಿನಕ್ಕೆ ಆಗುವುದು ಅನುಮಾನ, ಆದರೆ ನಿಮ್ಮ ಮುಖ ನೋಡಿ ಆಗುವುದಿಲ್ಲ ಎನ್ನಲಾರೆ ಎಂಬ ಅರ್ಥ ಎದುರಿನವನಿಗೆ ಆ ಕ್ಷಣವೇ ತಿಳಿಯುತ್ತದೆ. ಅದನ್ನೇ ನಾನು ಇಂಗ್ಲಿಷಿಗೆ ತಿರುಗಿಸಿ, ಕೈಲಾದಷ್ಟು ಪ್ರಯತ್ನ ಮಾಡುತ್ತೇವೆ ಎಂದೆ. ಅದೇ ದಿನ ಸಂಜೆ ಬಂದ ನಡಾವಳಿಯಲ್ಲಿ ಒಂಬತ್ತನೆಯ ಅಂಶದ ಎದುರು, ಎಂಟು ವಾರಗಳಿಗೆ ಸರಬರಾಜುದಾರರು ಒಪ್ಪಿದ್ದಾರೆ ಎಂದು ಬರೆದಿತ್ತು. ತಪ್ಪಿದ್ದರೆ ಎರಡು ದಿನದೊಳಗೆ ತಿಳಿಸಬೇಕೆಂಬ ಸೂಚನೆಯೂ ಕೆಳಗಿತ್ತು. ನಾವು ತಿಳಿಸಲಿಲ್ಲ. ಒಪ್ಪಿದ ಮೇಲೆ ತಿದ್ದಿದರೆ ಮರ್ಯಾದೆ ಹೋಗುತ್ತದೆ ಎಂಬುದೊಂದು ಕಾರಣ; ಎಂಟು ವಾರ ಇನ್ನೂ ದೂರವಿದೆ ಎಂಬುದು ಇನ್ನೊಂದು.

ಎಂಟನೆಯ ವಾರ ಮುಗಿದ ಮಾರನೆಯ ಬೆಳಿಗ್ಗೆ ಮೂರು ಸಾಲಿನ ಇ-ಮೇಲ್ ಬಂತು. ನೀವು ಒಪ್ಪಿದ್ದಿರಿ, ದಿನ ತಪ್ಪಿದೆ, ಶುಕ್ರವಾರದೊಳಗೆ ಕಾರಣವನ್ನೂ ಹೊಸ ದಿನಾಂಕವನ್ನೂ ತಿಳಿಸಿ ಎಂದಷ್ಟೇ ಅದರಲ್ಲಿತ್ತು. ಕುಶಲ ಕೇಳಿರಲಿಲ್ಲ, ದಯವಿಟ್ಟು ಎಂದಿರಲಿಲ್ಲ. ದೊಡ್ಡಪ್ಪ ಆ ದಿನ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಆರ್ಡರ್ ಹೋಯಿತೆಂದೇ ನಾವು ಭಾವಿಸಿದೆವು. ಇನ್ನು ಹೋಗುವುದೇನೂ ಇಲ್ಲವೆಂಬ ಧೈರ್ಯದಿಂದ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪ್ಯಾಟರ್ನ್ ತಡವಾಗಿ ಬಂದಿದೆ, ಎರಕದೊಳಗೆ ಟೊಳ್ಳು ಬಿಡಿಸುವ ಕೋರ್ ಕೂರುವ ಜಾಗದಲ್ಲಿ ಅಳತೆ ಒಂದೂವರೆ ಮಿಲಿಮೀಟರ್ ತಪ್ಪಿದೆ, ತಿದ್ದಿ ಎರಕ ಹೊಯ್ದು ಕಳಿಸಲು ಇನ್ನು ಮೂರು ವಾರ ಬೇಕು ಎಂದು ತಿಳಿಸಿದೆ. ಒಂದು ಗಂಟೆಯೊಳಗೆ ಉತ್ತರ ಬಂತು. ಮಾಹಿತಿಗಾಗಿ ಧನ್ಯವಾದ, ಮೂರು ವಾರ ಎಂದು ಗುರುತು ಹಾಕಿಕೊಂಡಿದ್ದೇನೆ, ಇದು ಎರಡನೆಯ ವಾರದಲ್ಲೇ ಗೊತ್ತಾಗಿದ್ದರೆ ನಮ್ಮ ಜೋಡಣೆಯ ದಿನವನ್ನು ಆಗಲೇ ಬದಲಿಸುತ್ತಿದ್ದೆ ಎಂದಿತ್ತು. ಆಮೇಲೆ ಆ ಮಾತು ಎಂದೂ ಬರಲಿಲ್ಲ. ಅವರಿಗೆ ಸಿಟ್ಟಿದ್ದದ್ದು ತಡವಾದದ್ದಕ್ಕಲ್ಲ, ತಡವಾಗುತ್ತದೆಂದು ಗೊತ್ತಿದ್ದೂ ಹೇಳದೆ ಇದ್ದದ್ದಕ್ಕೆ.

ದರದ ಮಾತುಕತೆಯಲ್ಲಿಯೂ ಹೀಗೆಯೇ ಆಯಿತು. ಅವರು ಒಟ್ಟು ಬೆಲೆಯನ್ನಲ್ಲ, ಬೆಲೆಯ ಒಳವಿವರವನ್ನು ಕೇಳಿದರು: ಕಚ್ಚಾ ವಸ್ತು, ಕರಗಿಸುವ ವಿದ್ಯುತ್, ಅಚ್ಚು, ಉಜ್ಜುವುದು, ಮೆಷಿನಿಂಗ್, ಲಾಭ, ಎಲ್ಲವೂ ಬೇರೆಬೇರೆಯಾಗಿ. ಊಟಕ್ಕೆ ಕರೆದವರ ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆದು ನೋಡಿದ ಹಾಗೆ ಎಂದು ದೊಡ್ಡಪ್ಪ ಗೊಣಗಿದರು. ಚೌಕಾಸಿಗೆಂದು ನಾವು ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಏರಿಸಿಟ್ಟಿದ್ದೆವು. ವಿದ್ಯುತ್ತನ್ನು ಕರಗಿದ ಕಬ್ಬಿಣದ ಟನ್ನಿಗೆ 900 ಯೂನಿಟ್ ಎಂದು ತೋರಿಸಿದ್ದೆವು. ಇಂಡಕ್ಷನ್ ಕುಲುಮೆಯಲ್ಲಿ ಕರಗಿಸುವುದಕ್ಕೆ ಸುಮಾರು 600 ಸಾಕೆಂಬುದು ಆ ಕೆಲಸ ಬಲ್ಲ ಯಾರಿಗಾದರೂ ಗೊತ್ತು. ಏಳು ಕಿಲೋದ ಎರಕಕ್ಕೆ, ಲೋಹ ಹರಿಯುವ ದಾರಿಯಲ್ಲಿ ನಿಲ್ಲುವ ಲೋಹವನ್ನೂ ಸೇರಿಸಿ, ನಾವು ಹೊಯ್ಯುತ್ತಿದ್ದದ್ದು 10.8 ಕಿಲೋ. ಯೂನಿಟ್ಟಿಗೆ 8 ರೂಪಾಯಿಯಂತೆ ನಿಜವಾದ ಖರ್ಚು ಸುಮಾರು 52 ರೂಪಾಯಿ, ನಾವು ತೋರಿಸಿದ್ದು 78. ಆ ವ್ಯವಸ್ಥಾಪಕಿ ನೇರವಾಗಿ, “900 ಏಕೆ? ನಿಮ್ಮ ಕುಲುಮೆ ಹಾಳಾಗಿದೆಯೇ, ಅಥವಾ ಅಂಕಿ ತಪ್ಪೇ?” ಎಂದು ಕೇಳಿದರು. ಅಂಕಿ ತಪ್ಪು ಎಂದೆ. ಒಂದೊಂದು ಪೀಸಿನಲ್ಲಿ 26 ರೂಪಾಯಿ ಇಳಿಯಿತು. ಆದರೆ ಮೆಷಿನಿಂಗಿನಲ್ಲಿ ನಾವು ಉಪಕರಣದ ಸವೆತವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದನ್ನು ಅವರೇ ಎತ್ತಿ ತೋರಿಸಿ, ಇದನ್ನು ಬಿಟ್ಟರೆ ಆರು ತಿಂಗಳಲ್ಲಿ ನೀವು ನಷ್ಟದಲ್ಲಿರುತ್ತೀರಿ, ಸೇರಿಸಿ ಎಂದು ಹೇಳಿದರು. ಒಂದೇ ಮಾತುಕತೆಯಲ್ಲಿ ನಮ್ಮ ಸುಳ್ಳನ್ನು ಹಿಡಿದವರು ನಮ್ಮ ನಷ್ಟವನ್ನೂ ತಪ್ಪಿಸಿದ್ದನ್ನು ಕಂಡು ದೊಡ್ಡಪ್ಪನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಂದಿನಿಂದ ಆ ಕಂಪನಿಗೆ ಬರೆಯುವಾಗ ನಾನು ಆಗುವುದಿಲ್ಲ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯುವುದನ್ನು ರೂಢಿಸಿಕೊಂಡೆ. ಮೊದಲ ಕೆಲವು ಸಲ ಬರೆದು ಕಳಿಸುವಾಗ ಕೈ ತಡೆಯುತ್ತಿತ್ತು.

ಎರಡು ವರ್ಷದ ನಂತರ ಜಪಾನಿನವರು ಬಂದರು. ಈ ಸಲ ದೊಡ್ಡಪ್ಪನಿಗೆ ಉತ್ಸಾಹವೋ ಉತ್ಸಾಹ. ಜಪಾನಿನವರು ನಮ್ಮ ಹಾಗೆ ಬಾಗಿ ನಮಸ್ಕಾರ ಮಾಡುವವರು, ಹಿರಿಯರಿಗೆ ಮರ್ಯಾದೆ ಕೊಡುವವರು, ಮುಖಕ್ಕೆ ಹೊಡೆದ ಹಾಗೆ ಮಾತಾಡುವವರಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಬಂದವರು ನಾಲ್ವರು, ಜೊತೆಗೆ ಬೆಂಗಳೂರಿನಿಂದ ಒಬ್ಬ ದುಭಾಷಿ. ದುಭಾಷಿ ಕನ್ನಡದವರೇ, ಜಪಾನಿ ಭಾಷೆ ಕಲಿತು ಅದರಲ್ಲೇ ಜೀವನ ಮಾಡುತ್ತಿದ್ದ ಮಹಿಳೆ. ನಾಲ್ವರಲ್ಲಿ ಎಲ್ಲರಿಗಿಂತ ಹಿರಿಯರು ಹೆಚ್ಚು ಮಾತಾಡಲಿಲ್ಲ. ಎಲ್ಲರಿಗಿಂತ ಕಿರಿಯ ಎಂಜಿನಿಯರ್ ಒಂದು ಚಿಕ್ಕ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಇಡೀ ದಿನ ಅವರು ಕುಲುಮೆಯ ಸುತ್ತ, ಮರಳಿನ ಶೆಡ್ಡಿನ ಸುತ್ತ ಓಡಾಡಿದರು. ಅಚ್ಚಿನ ಮರಳಿನ ರಾಶಿಯ ಹತ್ತಿರ ಹಿರಿಯರು ನಿಂತು, ಒಂದು ಹಿಡಿ ಮರಳು ತೆಗೆದು ಮುಷ್ಟಿ ಬಿಗಿದು, ಬಿಡಿಸಿ, ಅಂಗೈಯಲ್ಲಿ ಉಳಿದ ಬೆರಳಿನ ಗುರುತುಗಳನ್ನು ಬಹಳ ಹೊತ್ತು ನೋಡಿದರು. ನಮ್ಮ ಹಳೆಯ ಮೌಲ್ಡರ್ ಕೂಡ ಮರಳಿನ ಹದ ನೋಡುವುದು ಹೀಗೆಯೇ. ಮತ್ತೆ ಅವರು ದುಭಾಷಿಯ ಮೂಲಕ, ಇಲ್ಲಿ ಮಳೆ ಬಹಳವಂತೆ, ಮಳೆಗಾಲದಲ್ಲಿ ಮರಳನ್ನು ಹೇಗೆ ಇಡುತ್ತೀರಿ ಎಂದು ಕೇಳಿದರು. ದೊಡ್ಡಪ್ಪ ನಗುತ್ತಾ, “ಏನೂ ತೊಂದ್ರೆ ಇಲ್ಲ, ನಲವತ್ತು ವರ್ಷದಿಂದ ಈ ಮಳೆ ನೋಡ್ತಾ ಇದ್ದೀವಿ” ಎಂದರು. ಊಟದ ಹೊತ್ತಿನಲ್ಲಿ ಆ ಕಿರಿಯ ಎಂಜಿನಿಯರ್ ಅದನ್ನೇ ಬೇರೆ ಮಾತಿನಲ್ಲಿ ಕೇಳಿದ. ಸಂಜೆ ಕಾಫಿಯ ಹೊತ್ತಿನಲ್ಲಿ ಗುಣಮಟ್ಟ ವಿಭಾಗದವರು ಮತ್ತೊಮ್ಮೆ ಕೇಳಿದರು. ಮೂರು ಸಲವೂ ನಮ್ಮ ಉತ್ತರ ಒಂದೇ: ತೊಂದರೆ ಇಲ್ಲ.

ಮಾರನೆಯ ದಿನ ದರದ ಮಾತು. ನಾವು ಕೊಟ್ಟ ಹಾಳೆಯನ್ನು ಹಿರಿಯರು ಓದಿ, ಹಲ್ಲಿನ ಸಂದಿನಿಂದ ಉಸಿರನ್ನು ಒಳಕ್ಕೆ ಎಳೆದುಕೊಂಡು ತಲೆ ಸ್ವಲ್ಪ ವಾಲಿಸಿದರು. ದುಭಾಷಿ, “ಇದು ಸ್ವಲ್ಪ ಕಷ್ಟ ಅಂತ ಹೇಳ್ತಿದ್ದಾರೆ” ಎಂದರು. ಸ್ವಲ್ಪ ಕಷ್ಟ ಎಂದರೆ ಸ್ವಲ್ಪ ಇಳಿಸಿ ಎಂದೇ ಅಲ್ಲವೇ? ದೊಡ್ಡಪ್ಪ ಮೂರು ಶೇಕಡಾ ಇಳಿಸಿದರು. ಎದುರಿನಿಂದ ಮಾತಿಲ್ಲ. ಅರ್ಧ ನಿಮಿಷವಿರಬಹುದು, ಆದರೆ ನಮಗೆ ಅದು ಸಹಿಸಲಾರದಷ್ಟು ಉದ್ದದ ಮೌನ. ಅದನ್ನು ಮುರಿಯಲೇಬೇಕೆಂದು ದೊಡ್ಡಪ್ಪ ಇನ್ನೂ ಐದು ಶೇಕಡಾ ಇಳಿಸಿದರು. ಹಿರಿಯರು ತಲೆಯಾಡಿಸಿ, ಸಕಾರಾತ್ಮಕವಾಗಿ ಪರಿಶೀಲಿಸುತ್ತೇವೆ ಎಂದು ಹೇಳಿ, ಎದ್ದು ನಿಂತು ಸೊಂಟದವರೆಗೆ ಬಾಗಿದರು. ಅವರ ಕಾರು ಗೇಟು ದಾಟುವಷ್ಟರಲ್ಲಿ ದೊಡ್ಡಪ್ಪ ಪೇಡ ತರಿಸಲು ಹುಡುಗನನ್ನು ಕಳಿಸಿಯಾಗಿತ್ತು.

ಮೂರು ತಿಂಗಳಾದರೂ ಅತ್ತಲಿಂದ ಸುದ್ದಿಯಿಲ್ಲ. ಜರ್ಮನಿಯವರಿಂದ ಕಲಿತ ಪಾಠವನ್ನು ನಾನು ಇಲ್ಲಿ ಪ್ರಯೋಗಿಸಿದೆ. ನಮ್ಮ ಕೊಟೇಶನ್ನಿಗೆ ಒಪ್ಪಿಗೆಯೇ, ಇಲ್ಲವೇ, ದಯವಿಟ್ಟು ದಿನಾಂಕ ತಿಳಿಸಿ ಎಂದು ಹಿರಿಯರಿಗೇ ಬರೆದು, ನಾಲ್ವರಿಗೂ ಪ್ರತಿ ಕಳಿಸಿದೆ. ಉತ್ತರ ಬಂತು, ಬಹಳ ಸೌಜನ್ಯದಿಂದ, ಪರಿಶೀಲನೆಯಲ್ಲಿದೆ ಎಂದು. ಇನ್ನೊಮ್ಮೆ ಬರೆದೆ. ಆ ಸಲ ಉತ್ತರವೇ ಬರಲಿಲ್ಲ.

ಕೊನೆಗೆ ನಾನು ಬೆಂಗಳೂರಿಗೆ ಹೋಗಿದ್ದಾಗ ಆ ದುಭಾಷಿಯನ್ನು ಕಂಡು ಕೇಳಿದೆ. ಅವರು ಸಂಕೋಚದಿಂದಲೇ, “ಸರ್, ಅವತ್ತೇ ಬೇಡ ಅಂತ ಹೇಳಿದ್ದರು. ನಾನು ಪದಕ್ಕೆ ಪದ ತಿರುಗಿಸಿದೆ, ಅರ್ಥ ಹೇಳುವ ಅಧಿಕಾರ ನನಗೆ ಇರಲಿಲ್ಲ” ಎಂದರು. ಕಷ್ಟ ಎನ್ನಲು ಅವರು ಬಳಸುವ ‘ಮುಜುಕಶಿ’ ಎಂಬ ಮಾತು ವ್ಯವಹಾರದಲ್ಲಿ ಬಂದರೆ ಬಹುಮಟ್ಟಿಗೆ ಆಗುವುದಿಲ್ಲ ಎಂದೇ ಅರ್ಥ, ಪರಿಶೀಲಿಸುತ್ತೇವೆ ಎಂಬುದು ಅನೇಕ ಸಲ ಎದುರಿನವರ ಮುಖ ಉಳಿಸಿ ಬಾಗಿಲು ಹಾಕುವ ರೀತಿ ಎಂದು ವಿವರಿಸಿದರು. ಮೌನಕ್ಕೆ ಬೇರೆ ಅರ್ಥ. ಅವರು ನಮ್ಮ ಹಾಳೆಯ ಬಗ್ಗೆ ಯೋಚಿಸುತ್ತಿದ್ದರು, ಅಷ್ಟೆ. ಆ ಅರ್ಧ ನಿಮಿಷದಲ್ಲಿ ನಾವು ಎಂಟು ಶೇಕಡಾ ಇಳಿಸಿದ್ದು ಅವರಿಗೆ ಸಂತೋಷದ ಬದಲು ಗಾಬರಿ ತಂದಿತ್ತು: ಇಷ್ಟು ಸಲೀಸಾಗಿ ಇಳಿಯುವ ಬೆಲೆಯಾದರೆ ಮೊದಲಿನದು ಸುಳ್ಳೇ, ಅಥವಾ ಈಗ ಯಾವ ಗುಣಮಟ್ಟವನ್ನು ಕಡಿಮೆ ಮಾಡುತ್ತಾರೆ? ಇದು ಕಾರಿನಲ್ಲಿ ಅವರವರೇ ಆಡಿಕೊಂಡ ಮಾತಿನಿಂದ ದುಭಾಷಿಗೆ ತಿಳಿದದ್ದು. ನನಗೆ ಇದನ್ನು ಹೇಳಿದ್ದು ಸರಿಯೋ ತಪ್ಪೋ ಎಂದು ಅವರು ಎರಡು ಸಲ ಹೇಳಿಕೊಂಡರು.

“ಮತ್ತೆ ಮರಳು,” ಎಂದರು ಅವರು, “ಮೂರು ಜನ ಮೂರು ಸಲ ಕೇಳಿದರಲ್ಲ, ಅದು ಪ್ರಶ್ನೆ ಅಲ್ಲ ಸರ್, ದೂರು.”

ಆ ಮಾತನ್ನು ಅರಗಿಸಿಕೊಳ್ಳಲು ನನಗೆ ಶಿವಮೊಗ್ಗಕ್ಕೆ ಮರಳುವ ರೈಲಿನ ಅಷ್ಟೂ ಹೊತ್ತು ಬೇಕಾಯಿತು. ಅಚ್ಚಿನ ಮರಳಿನಲ್ಲಿ ನೀರಿನ ಅಂಶ ಮೂರರಿಂದ ನಾಲ್ಕು ಶೇಕಡಾ ಇರಬೇಕು. ಜುಲೈಯಲ್ಲಿ ನಮ್ಮ ಶೆಡ್ಡಿನ ಗಾಳಿಯೇ ಒದ್ದೆಯಾಗಿರುತ್ತದೆ, ಹೊಸ ಮರಳು ನೆನೆದೇ ಬರುತ್ತದೆ, ನೀರು ಐದರ ಹತ್ತಿರ ಹೋದರೆ ಕರಗಿದ ಕಬ್ಬಿಣ ತಾಗಿದಾಗ ಏಳುವ ಹಬೆ ಹೊರಹೋಗಲು ದಾರಿಯಿಲ್ಲದೆ ಎರಕದೊಳಗೆ ಗುಳ್ಳೆಯಾಗಿ ನಿಲ್ಲುತ್ತದೆ. ಇದಕ್ಕೇ ಬ್ಲೋ ಹೋಲ್ ಎನ್ನುವುದು. ಪಂಪಿನ ಎರಕದಲ್ಲಿ ಹೊರಗಿನಿಂದ ಅದು ಕಾಣದು, ಮೆಷಿನಿಂಗ್ ಆದ ಮೇಲೆ ಒತ್ತಡದ ಪರೀಕ್ಷೆಯಲ್ಲಿ ನೀರು ಒಸರಿದಾಗ ಗೊತ್ತಾಗುತ್ತದೆ. ನಮ್ಮಲ್ಲೂ ಮಳೆಗಾಲದಲ್ಲಿ ರಿಜೆಕ್ಷನ್ ಹೆಚ್ಚುತ್ತಿದ್ದದ್ದು ನಿಜ. ಅದು ನಮಗೆ ಗೊತ್ತಿತ್ತು, ಅವರು ಊಹಿಸಿದ್ದರು. ತೊಂದರೆ ಇಲ್ಲ ಎಂಬ ನಮ್ಮ ಮಾತಿಗೆ ನಮ್ಮ ಅರ್ಥ, ಕೆಟ್ಟದ್ದನ್ನು ನಾವು ಆರಿಸಿ ತೆಗೆಯುತ್ತೇವೆ, ನಿಮ್ಮವರೆಗೆ ಬರಗೊಡುವುದಿಲ್ಲ, ನಂಬಿ ಎಂದು. ಅವರಿಗೆ ಕೇಳಿಸಿದ್ದು, ಇವರಿಗೆ ಸಮಸ್ಯೆಯೇ ಗೊತ್ತಿಲ್ಲ ಎಂದು.

1976ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಮಾಡಿದ ಒಂದು ವಿಂಗಡಣೆಯನ್ನು ಆ ದುಭಾಷಿ ನನಗೆ ಪರಿಚಯಿಸಿದ್ದರು. ಹೈ ಕಾಂಟೆಕ್ಸ್ಟ್ ಎಂದರೆ ಅರ್ಥದ ಬಹುಪಾಲು ಮಾತಿನ ಹೊರಗೆ, ಅಂದರೆ ಸಂಬಂಧ, ಸಂದರ್ಭ, ಧ್ವನಿ, ಮೌನಗಳಲ್ಲಿ ಇರುವ ರೀತಿ. ಲೋ ಕಾಂಟೆಕ್ಸ್ಟ್ ಎಂದರೆ ಅರ್ಥವೆಲ್ಲ ಆಡಿದ, ಬರೆದ ಮಾತಿನಲ್ಲೇ ಇರಬೇಕೆಂಬ ರೀತಿ. ಜಪಾನನ್ನು ಅವನು ಮೊದಲ ತುದಿಯ ಹತ್ತಿರವೂ ಜರ್ಮನ್ ಭಾಷಿಕರನ್ನು ಎರಡನೆಯ ತುದಿಯ ಹತ್ತಿರವೂ ಇಟ್ಟಿದ್ದ. ಇದು ದೇಶಗಳನ್ನು ಸಾಲಾಗಿ ನಿಲ್ಲಿಸುವ ದಪ್ಪ ಗೆರೆ. ನಮ್ಮ ಜರ್ಮನ್ ಕಂಪನಿಯಲ್ಲೇ ಇದ್ದ ಉತ್ಪಾದನಾ ವಿಭಾಗದವರೊಬ್ಬರು ಮಾತನ್ನು ನುಂಗಿಕೊಳ್ಳುವುದರಲ್ಲಿ ನಮ್ಮೂರಿನ ಯಾವ ಹೆಗಡೆಯವರಿಗೂ ಕಡಿಮೆಯಿರಲಿಲ್ಲ. ಆದರೂ ಆ ವಿಂಗಡಣೆ ನನಗೆ ಒಂದು ಪ್ರಶ್ನೆಯನ್ನು ಹುಟ್ಟಿಸಿತು. ನಾವಂತೂ ಮೊದಲ ಗುಂಪಿನವರೇ. ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವವರು ನಾವು. ದೊಡ್ಡಪ್ಪನ ಅಪ್ಪ ದನದ ಜಾತ್ರೆಯಲ್ಲಿ ಟವೆಲಿನ ಅಡಿಯಲ್ಲಿ ದಲ್ಲಾಳಿಯ ಬೆರಳು ಹಿಡಿದು, ಸುತ್ತ ನಿಂತ ಐವತ್ತು ಜನರಿಗೆ ತಿಳಿಯದ ಹಾಗೆ ಎತ್ತಿನ ಬೆಲೆ ಕುದುರಿಸುತ್ತಿದ್ದರಂತೆ. ಹಾಗಿರುವಾಗ ಜಪಾನಿನವರ ಜೊತೆ ನಮಗೆ ಹೊಂದಬೇಕಿತ್ತಲ್ಲ? ಹೊಂದದೆ ಇದ್ದದ್ದಕ್ಕೆ ಉತ್ತರ ಆ ಟವೆಲಿನಲ್ಲೇ ಇದೆ. ಯಾವ ಬೆರಳಿಗೆ ಎಷ್ಟು ಬೆಲೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಮಾತ್ರ ಟವೆಲಿನಡಿಯ ವ್ಯಾಪಾರ ನಡೆಯುತ್ತದೆ. ನಾವೂ ಜಪಾನಿನವರೂ ಒಂದೇ ಟವೆಲಿನಡಿ ಕೈ ಹಾಕಿದ್ದೆವು, ಆದರೆ ಬೆರಳಿನ ಲೆಕ್ಕ ಬೇರೆಬೇರೆ. ಜರ್ಮನಿಯವರು ಟವೆಲನ್ನೇ ತೆಗೆದುಹಾಕಿದ್ದರಿಂದ ಅವರ ಜೊತೆ ಏನು ತಪ್ಪಾಯಿತೆಂಬುದು ಎಂಟೇ ವಾರದಲ್ಲಿ ತಿಳಿದಿತ್ತು. ಇಲ್ಲಿ ತಪ್ಪಾಗಿದೆ ಎಂಬುದು ತಿಳಿಯಲಿಕ್ಕೇ ಆರು ತಿಂಗಳು ಹಿಡಿಯಿತು.

ಮತ್ತೆ ಪ್ರಯತ್ನಿಸಲು ದಾರಿಯಿದೆಯೇ ಎಂದು ಕೇಳಿದಾಗ ದುಭಾಷಿ ‘ನೆಮವಾಶಿ’ ಎಂಬ ಪದವನ್ನು ಹೇಳಿದ್ದರು. ಅದರ ಮೂಲಾರ್ಥ ಬೇರಿನ ಸುತ್ತ ಹೋಗುವುದು. ದೊಡ್ಡ ಮರವನ್ನು ಬೇರೆ ಕಡೆ ನೆಡುವ ಮೊದಲು ಅದರ ಬೇರಿನ ಸುತ್ತ ಅಗೆದು ಮರವನ್ನು ಅಣಿಗೊಳಿಸುವ ಕೆಲಸ. ವ್ಯವಹಾರದಲ್ಲಿ ಇದರರ್ಥ, ಸಭೆಗೆ ಮೊದಲೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಅವರ ಆಕ್ಷೇಪ ಕೇಳಿ, ಪ್ರಸ್ತಾವವನ್ನು ತಿದ್ದಿಕೊಳ್ಳುವುದು. ಹಾಗೆ ಹದವಾದ ಪ್ರಸ್ತಾವ ‘ರಿಂಗಿ’ ಎಂಬ ಕಾಗದವಾಗಿ ಕೆಳಗಿನವರಿಂದ ಮೇಲಿನವರವರೆಗೆ ಮೇಜಿನಿಂದ ಮೇಜಿಗೆ ಹೋಗಿ ಎಲ್ಲರ ಮುದ್ರೆ ಹಾಕಿಸಿಕೊಳ್ಳುತ್ತದೆ. ನಾನು ಮಾಡಿದ್ದು ನೇರವಾಗಿ ಮೇಲಿನವರಿಗೆ ಬರೆದು, ಎಲ್ಲರ ಎದುರು ಹೌದೋ ಅಲ್ಲವೋ ಎಂದು ಕೇಳಿದ್ದು. ದೊಡ್ಡಪ್ಪನಿಗೆ ಇದನ್ನು ಹೇಳಲು ನನಗೆ ಹೆದರಿಕೆಯಿತ್ತು. ಅವರು ಕೇಳಿ, “ಅಡಿಕೆ ಸಸಿ ಕೀಳುವಾಗ ಬೇರಿನ ಮಣ್ಣು ಉದುರದ ಹಾಗೆ ಹೆಂಟೆ ಸಮೇತ ಎತ್ತಬೇಕು ಅಂತ ನನಗೆ ಗೊತ್ತಿಲ್ವಾ? ಅದನ್ನು ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದು ನನ್ನನ್ನೇ ಗದರಿದರು.

ಮೇ ತಿಂಗಳಲ್ಲಿ ಮರಳಿನ ಶೆಡ್ಡಿಗೆ ಗೋಡೆ ಎತ್ತಿಸಿದೆವು, ಹೊಸ ಮರಳನ್ನು ಒಣಗಿಸುವ ಒಂದು ಡ್ರೈಯರ್ ಹಾಕಿಸಿದೆವು. ಜೂನ್ ಮೊದಲ ದಿನದಿಂದ ಪ್ರತಿ ಗಂಟೆಗೊಮ್ಮೆ ಮರಳಿನ ತೇವವನ್ನು ಅಳೆದು ಒಂದು ರಿಜಿಸ್ಟರಿನಲ್ಲಿ ಬರೆಯಲು ಶುರುಮಾಡಿದೆವು. ಅಳತೆ ನಾಲ್ಕು ದಾಟಿದರೆ ಕೆಂಪು ಶಾಯಿ, ಆ ಗಂಟೆಯಲ್ಲಿ ಅಚ್ಚು ನಿಲ್ಲಿಸಿದ್ದೇವೆಂದು ಸಹಿ. ಪ್ರತಿ ಶನಿವಾರ ಆ ಪುಟಗಳ ಫೋಟೊವನ್ನೂ ಆ ವಾರದ ರಿಜೆಕ್ಷನ್ ಎಣಿಕೆಯನ್ನೂ ಆ ಕಿರಿಯ ಎಂಜಿನಿಯರ್‌ಗೆ ಮಾತ್ರ ಕಳಿಸುತ್ತಿದ್ದೆ. ಆರ್ಡರ್ ಎಂಬ ಪದವನ್ನು ಎಲ್ಲಿಯೂ ಬರೆಯಬಾರದೆಂದು ದುಭಾಷಿ ಕಟ್ಟುನಿಟ್ಟಾಗಿ ಹೇಳಿದ್ದರು. ಐದು ವಾರ ಅವನು ಧನ್ಯವಾದವನ್ನಷ್ಟೇ ಬರೆದ. ಆರನೆಯ ವಾರ, ಜುಲೈ ನಡುವಿನಲ್ಲಿ ಕೆಂಪು ಶಾಯಿ ಹೆಚ್ಚಾಗಿದ್ದ ಪುಟಗಳನ್ನು ಕಳಿಸಲೋ ಬೇಡವೋ ಎಂದು ನಾನು ಹಿಂಜರಿದು ಕೊನೆಗೆ ಕಳಿಸಿದಾಗ, ಮೊದಲ ಬಾರಿಗೆ ಒಂದು ಪ್ರಶ್ನೆ ಬಂತು: ರಾತ್ರಿ ಪಾಳಿಯಲ್ಲೇ ಏಕೆ ತೇವ ಏರುತ್ತದೆ? ಡ್ರೈಯರ್ ಅನ್ನು ರಾತ್ರಿ ನಿಲ್ಲಿಸುತ್ತಿದ್ದೆವು, ಅದೇ ಕಾರಣ. ಅದನ್ನು ಹಾಗೆಯೇ ಬರೆದೆ. ಅಲ್ಲಿಂದ ಮುಂದೆ ಪ್ರಶ್ನೆಗಳು ಬರುತ್ತಲೇ ಹೋದವು. ಗುಣಮಟ್ಟ ವಿಭಾಗದವರು ಬೇರೆಯಾಗಿ ಬರೆದರು, ವಿನ್ಯಾಸ ವಿಭಾಗದವರು ಬೇರೆಯಾಗಿ. ಚೆನ್ನಾಗಿರುವ ಪುಟಗಳಿಗಿಂತ ಕೆಂಪು ಶಾಯಿಯ ಪುಟಗಳೇ ನಮ್ಮ ಪರವಾಗಿ ಹೆಚ್ಚು ಮಾತಾಡಿದವೆಂದು ನಾನು ಈಗಲೂ ನಂಬಿದ್ದೇನೆ.

ನವೆಂಬರಿನಲ್ಲಿ ನಮಗೆ ಕರೆ ಬಂತು. ದೊಡ್ಡಪ್ಪನೂ ನಾನೂ ಒಸಾಕಾದ ಹತ್ತಿರದ ಅವರ ಕಾರ್ಖಾನೆಗೆ ಹೋದೆವು. ನಮ್ಮ ಕಡೆ ಉಳಿದಿದ್ದ ತಕರಾರು ಒಂದೇ: ಹಣ ಪಾವತಿಗೆ ಅವರು 90 ದಿನ ಎಂದಿದ್ದರು, ನಮಗೆ 45ಕ್ಕಿಂತ ಹೆಚ್ಚು ಕಾಯುವ ಶಕ್ತಿಯಿರಲಿಲ್ಲ. ಸಭೆಯಲ್ಲಿ ಎತ್ತುತ್ತೇನೆ ಎಂದು ದೊಡ್ಡಪ್ಪ ಹೊರಟಿದ್ದರು. ಅಲ್ಲಿ ಹೊಸ ಮಾತು ಎತ್ತಿದರೆ ಮುದ್ರೆ ಹಾಕಿದವರೆಲ್ಲರ ಮುಖಕ್ಕೆ ನೀರೆರಚಿದಂತೆ ಆಗುತ್ತದೆ, ಹೇಳುವುದಿದ್ದರೆ ಹಿಂದಿನ ರಾತ್ರಿಯ ಊಟದಲ್ಲಿ ಹೇಳಿ ಎಂದು ನಾನು ಬೇಡಿಕೊಂಡೆ. ಆ ರಾತ್ರಿ ದೊಡ್ಡಪ್ಪ ಪಾವತಿಯ ಮಾತನ್ನೇ ತೆಗೆಯಲಿಲ್ಲ. ಅವರು ಅಡಿಕೆಯ ಕಥೆ ಹೇಳಿದರು. ನಮ್ಮ ಕಡೆ ಬೆಳೆಗಾರ ಕೊಯ್ಲಿಗೂ ಸುಲಿಯುವುದಕ್ಕೂ ಬೇಯಿಸುವುದಕ್ಕೂ ಕೂಲಿಯನ್ನು ಮೊದಲೇ ಕೊಡಬೇಕು, ಮಾಲು ಒಣಗಿ ಮಂಡಿಗೆ ಹೋಗಿ ದರ ಸಿಗುವವರೆಗೆ ಕೈಯಲ್ಲಿ ಕಾಸಿರುವುದಿಲ್ಲ, ಅದಕ್ಕೆ ಮಂಡಿಯವರು ಅವನ ಮಾಲನ್ನು ನಂಬಿ ಮುಂಗಡ ಕೊಡುತ್ತಾರೆ, ಹಾಗೆ ಕೊಟ್ಟ ಮಂಡಿಯನ್ನು ಬೆಳೆಗಾರ ಮೂರು ತಲೆಮಾರು ಬಿಡುವುದಿಲ್ಲ ಎಂದು. ದುಭಾಷಿ ಅದನ್ನು ನಿಧಾನವಾಗಿ ಹೇಳುತ್ತಾ ಹೋದರು. ಹಿರಿಯರು ಬಟ್ಟಲು ಕೆಳಗಿಟ್ಟು, ಬೇಯಿಸುವುದು ಏಕೆ ಎಂದು ಕೇಳಿದರು. ದೊಡ್ಡಪ್ಪ ಚೊಗರಿನ ಬಗ್ಗೆ ಕಾಲು ಗಂಟೆ ಮಾತಾಡಿದರು. ನನಗೆ ಒಳಗೊಳಗೇ ಆತಂಕ: ಮುಖ್ಯ ಮಾತು ಎಲ್ಲಿ ಹೋಯಿತು?

ಮಾರನೆಯ ದಿನದ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಚರ್ಚೆಯೇ ಇರಲಿಲ್ಲ, ಎಲ್ಲವೂ ಆಗಲೇ ತೀರ್ಮಾನವಾಗಿತ್ತು. ನಮ್ಮ ಮುಂದಿಟ್ಟ ಕಾಗದದಲ್ಲಿ ದರ ನಾವು ಮೊದಲು ಕೇಳಿದ್ದಕ್ಕಿಂತ ಎರಡು ಶೇಕಡಾ ಕಡಿಮೆ, ಅಂದರೆ ನಾವು ಗಾಬರಿಯಲ್ಲಿ ಇಳಿಸಿದ್ದಕ್ಕಿಂತ ಆರು ಶೇಕಡಾದಷ್ಟು ಮೇಲೆ. ಪಾವತಿಯ ಸಾಲಿನಲ್ಲಿ 60 ದಿನ ಎಂದಿತ್ತು. ಯಾರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ದೊಡ್ಡಪ್ಪನೂ ಆಡಲಿಲ್ಲ. ಈ ಕಲೆಯಲ್ಲಿ ದೊಡ್ಡಪ್ಪನಿಗೆ ನಾನು ಕಲಿಸಬೇಕಾದದ್ದು ಎಲ್ಲಿ ಯಾವಾಗ ಎಂಬುದನ್ನು ಮಾತ್ರ, ಹೇಗೆ ಎಂಬುದು ಅವರಿಗೆ ಮಂಡಿಯಲ್ಲಿಯೇ ಬಂದಿತ್ತು ಎಂದು ನನಗೆ ಹೊಳೆದದ್ದು ಆಗ.

ಈಗ ಎರಡೂ ಕಂಪನಿಗಳಿಗೆ ಮಾಲು ಹೋಗುತ್ತಿದೆ. ಜರ್ಮನಿಯವರು ಕಳೆದ ವರ್ಷ ನಾಲ್ಕು ಶೇಕಡಾ ದರ ಇಳಿಸಿ ಎಂದು ಕೇಳಿದರು. ಆಗುವುದಿಲ್ಲ, ಗುಜರಿ ಕಬ್ಬಿಣದ ಬೆಲೆ ಏರಿದೆ ಎಂದು ಎರಡೇ ಸಾಲು ಬರೆದೆ. ಸರಿ, ಹಾಗಿದ್ದರೆ ಗುಜರಿಯ ಬೆಲೆಗೆ ತಕ್ಕಂತೆ ಏರಿಳಿಯುವ ಒಂದು ಷರತ್ತನ್ನು ಸೇರಿಸೋಣ ಎಂದು ಮಾರನೆಯ ದಿನವೇ ಉತ್ತರ ಬಂತು. ಅದೇ ವರ್ಷದ ಜುಲೈಯಲ್ಲಿ ಜಪಾನಿನ ಆ ಹಿರಿಯರು ಮತ್ತೊಮ್ಮೆ ಬಂದಿದ್ದರು. ಕಚೇರಿಯಲ್ಲಿ ಕುಳಿತು, ಕಾಫಿ ಕುಡಿಯುತ್ತಾ, ಈ ವರ್ಷ ಮಳೆ ಹೇಗಿದೆ ಎಂದು ಕೇಳಿದರು. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಥಟ್ಟನೆ ಎದ್ದು ಶೆಡ್ಡಿಗೆ ಓಡಿ, ಮರಳಿನ ರಿಜಿಸ್ಟರನ್ನು ತಂದು ಜೂನ್ ತಿಂಗಳ ಪುಟ ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟವನ್ನು ಬಹಳ ಮರ್ಯಾದೆಯಿಂದ ತಿರುವಿದರು, ಕೊನೆಗೆ ಮುಚ್ಚಿ ನನ್ನ ಕೈಗೆ ಕೊಟ್ಟು, ಕಿಟಕಿಯ ಕಡೆ ಕೈ ತೋರಿಸಿ ಏನೋ ಹೇಳಿದರು. ದುಭಾಷಿ ನಗು ತಡೆದುಕೊಂಡು, “ಸರ್, ಅವರು ಕೇಳಿದ್ದು ಮಳೆಯನ್ನೇ” ಎಂದರು.